ಉತ್ತರ ಸರಿ, ಬಾಣ ತಪ್ಪು, ಪ್ಲಸ್ ಮಾಯ: ಕೈಯಲ್ಲಿ ಬರೆದ ಮೆಕ್ಯಾನಿಸಂ ಹೇಗೆ ತಿದ್ತೀರಾ?

ನೋಟ್‌ಬುಕ್_ಮೇಡಂ
ಎಲ್ರಿಗೂ ನಮಸ್ಕಾರ. ಈ ಸಲ ಮೊದಲ ಬಾರಿ ಆರ್ಗಾನಿಕ್ ಪೇಪರ್ ತಿದ್ತಾ ಇದ್ದೀನಿ, ಒಂದು ಉತ್ತರದ ಮುಂದೆ ಅರ್ಧ ಗಂಟೆಯಿಂದ ಕೂತಿದ್ದೀನಿ. ಪ್ರಶ್ನೆ ತೀರಾ ಮಾಮೂಲಿ: ಈಥೈಲ್ ಅಸಿಟೇಟ್‌ನ ಆಸಿಡ್‌ ಹಾಕಿ ಹೈಡ್ರಾಲಿಸಿಸ್ ಮಾಡೋ ಮೆಕ್ಯಾನಿಸಂ ಬರೀರಿ, 5 ಮಾರ್ಕ್ಸ್.

ಹುಡುಗಿ ಬರೆದಿರೋದು ಹೀಗಿದೆ. ಮೊದಲ್ನೇ ಸಾಲಲ್ಲಿ H⁺ ಇಂದ ಬಾಣ ಹೊರಟು C=O ನ ಆಕ್ಸಿಜನ್‌ಗೆ ಮುಟ್ಟಿದೆ, ಬಾಣದ ಬಾಲ ಸರಿಯಾಗಿ ಆ ಪ್ಲಸ್ ಗುರುತಿನ ಮೇಲೇ ಕೂತಿದೆ. ಬಂದಿರೋ ಪ್ರಾಡಕ್ಟ್ C=OH, ಚಾರ್ಜ್ ಇಲ್ಲ. ಎರಡನೇ ಸಾಲಲ್ಲಿ ನೀರಿನ ಆಕ್ಸಿಜನ್‌ನಿಂದ ಕಾರ್ಬನ್‌ಗೆ ಬಾಣ, ಅದು ಸರಿ, ಆದ್ರೆ C=O ಬಾಂಡ್ ಮೇಲಕ್ಕೆ ಹೋಗೋ ಬಾಣ ಇಲ್ಲ. ಮಧ್ಯದ ಟೆಟ್ರಾಹೆಡ್ರಲ್ ಮಾತ್ರ ನೀಟಾಗಿದೆ, ಒಂದು OH, ಒಂದು OC₂H₅, ಒಂದು OH₂, ಯಾವುದಕ್ಕೂ ಚಾರ್ಜ್ ಇಲ್ಲ. ಮೂರನೇ ಸಾಲಲ್ಲಿ OH₂ ತಾನೇ OH ಆಗೋಗಿದೆ, C₂H₅O⁻ ಹೊರಗೆ ಬಿದ್ದಿದೆ. ಕೊನೇಲಿ C₂H₅O⁻ ಒಂದು H⁺ ತಗೊಂಡು ಎಥನಾಲ್. ಅಸಿಟಿಕ್ ಆಸಿಡ್, ಎಥನಾಲ್ ಎರಡೂ ಸರಿಯಾಗಿ ಬಂದಿದೆ!

ಕೀಲಿ ಉತ್ತರದ ಜೊತೆ ಪಕ್ಕಪಕ್ಕ ಇಟ್ಟು ನೋಡಿದ್ರೆ ತಪ್ಪು ಕಾಣುತ್ತೆ, ಆದ್ರೆ ಮಕ್ಳು ಒಬ್ಬೊಬ್ರು ಒಂದೊಂದು ಥರ ಬರೀತಾರಲ್ಲ, ಕೀಲಿ ಇಲ್ದೆ ಬರೀ ಚಿತ್ರ ನೋಡಿ ಚಾರ್ಜ್ ಎಲ್ಲಿ ಬಿಟ್ಟೋಗಿದೆ ಅಂತ ಬೇಗ ಹಿಡಿಯೋದು ಹೇಗೆ? ಮತ್ತೆ ಇದಕ್ಕೆ ನೀವು ಎಷ್ಟು ಕೊಡ್ತೀರಾ?

ಬೆಂಜೀನ್_ಹುಡುಗ
2.

ಮೂರನೇ_ಬೆಂಚು
ಪ್ರಾಡಕ್ಟ್ ಎರಡೂ ಸರಿ ಅಂದ್ಮೇಲೆ 2 ಯಾಕೆ, ಪಾಪ 4 ಕೊಡಿ. ಚಾರ್ಜ್ ಮರೆಯೋದು ಎಲ್ರೂ ಮಾಡೋದೇ.

ಬೆಂಜೀನ್_ಹುಡುಗ
ಪ್ರಾಡಕ್ಟ್ ಏನು ಅಂತ ಪ್ರಶ್ನೇಲಿ ಕೇಳಿಲ್ಲ ಕಣೋ. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಕೇಳಿದ್ದಾರೆ, ಅದೇ ತಪ್ಪಿದೆ.

ಸುಮಾ_ಎಂ
ಮೇಡಂ ನಾನು ಹೀಗೆ ನೋಡ್ತೀನಿ, ಪ್ರತಿ ಸಾಲಲ್ಲೂ ಇರೋ ಚಾರ್ಜ್ ಎಲ್ಲಾ ಕೂಡಿದ್ರೆ ಸೊನ್ನೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಏನೋ ಬಿಟ್ಟೋಗಿದೆ ಅಂತ. ಐದು ಸೆಕೆಂಡ್ ಕೆಲಸ.

ಹಳೇ_ಲ್ಯಾಬ್
ಸುಮಾ ಅವರೇ, ಕೂಡೋದು ಸರಿ, ಸೊನ್ನೆ ಬರ್ಬೇಕು ಅನ್ನೋದು ಸರಿಯಲ್ಲ. ಬಾಣದ ಎಡಗಡೆ ಎಷ್ಟಿದೆಯೋ ಬಲಗಡೆನೂ ಅಷ್ಟೇ ಇರ್ಬೇಕು, ಅಷ್ಟೇ ನಿಯಮ. ಈ ರಿಯಾಕ್ಷನ್‌ನಲ್ಲಿ ಮೊದಲೇ ಒಂದು H₃O⁺ ಇದೆ, ಹಾಗಾಗಿ ಮೊದಲ ಸಾಲಿಂದ ಕೊನೇ ಸಾಲಿನವರೆಗೂ ಮೊತ್ತ +1 ಆಗೇ ಇರ್ಬೇಕು. ನೀವು ಸೊನ್ನೆ ಹುಡುಕ್ತಾ ಹೋದ್ರೆ ಈ ಹುಡುಗಿಯ ಎರಡನೇ ಸಾಲು ನಿಮ್ಮ ಕಣ್ಣಿಗೆ ಸರಿಯಾಗೇ ಕಾಣುತ್ತೆ, ಯಾಕಂದ್ರೆ ಅಲ್ಲಿ ಪ್ಲಸ್ಸೂ ಇಲ್ಲ ಮೈನಸ್ಸೂ ಇಲ್ಲ.

ಮೇಡಂ, ನಾನು ಬಹಳ ವರ್ಷ ತಿದ್ದಿದ್ದೀನಿ, ನಾನು ಮಾಡೋದು ಹೇಳ್ತೀನಿ. ಮೊದಲು ಬಾಣ ನೋಡೋದೇ ಇಲ್ಲ. ಪೆನ್ಸಿಲ್ ತಗೊಂಡು ಪ್ರತಿ ಸಾಲಿನ ಪಕ್ಕ ಮೊತ್ತದ ಚಾರ್ಜ್ ಬರ್ಕೊಂಡು ಹೋಗ್ತೀನಿ. ನಿಮ್ಮ ಹುಡುಗೀದು ಹೀಗಾಗುತ್ತೆ: ಶುರುವಲ್ಲಿ +1, ಪ್ರೋಟಾನ್ ಸೇರಿದ ಕೂಡ್ಲೇ 0, ಟೆಟ್ರಾಹೆಡ್ರಲ್ 0, ಆಮೇಲೆ C₂H₅O⁻ ಬಂದ ಕಡೆ −1. ಕೊನೇಲಿ ಇನ್ನೊಂದು H⁺ ಬಂದು ಸೇರ್ಕೊಂಡಿದೆ. ಎಲ್ಲಿ ಸಂಖ್ಯೆ ಬದಲಾಯ್ತೋ ಅಲ್ಲಿ ತಪ್ಪಿದೆ, ಮೊದಲನೇ ಸಾಲಲ್ಲೇ ಸಿಕ್ಬಿಡ್ತು.

ಎರಡನೇ ಸುತ್ತಲ್ಲಿ ಬಾಣ. ಒಂದು ಸಾಲಲ್ಲಿ ಬಾಣಗಳು ಸರಪಳಿ ಥರ ಒಂದರ ಹಿಂದೆ ಒಂದು ಹೋಗ್ತಾವೆ. ಸರಪಳಿ ಲೋನ್ ಪೇರ್‌ನಿಂದ ಶುರುವಾದ್ರೆ ಆ ಆಟಮ್‌ನ ಚಾರ್ಜ್ ಒಂದು ಏರುತ್ತೆ, ಕೊನೇ ಬಾಣ ಎಲೆಕ್ಟ್ರಾನ್‌ನ ಯಾವ ಆಟಮ್ ಮೇಲೆ ಇಳಿಸುತ್ತೋ ಅದರದ್ದು ಒಂದು ಇಳಿಯುತ್ತೆ. ಮಧ್ಯದಲ್ಲಿರೋರಿಗೆ ಏನೂ ಆಗಲ್ಲ. ಇದೊಂದು ಗೊತ್ತಿದ್ರೆ ಕೀಲಿ ಉತ್ತರ ಬೇಡ.

ನೀರು ಹೊಡೆಯೋ ಸ್ಟೆಪ್ ತಗೊಳ್ಳಿ. ಸರಪಳಿ ನೀರಿನ ಆಕ್ಸಿಜನ್‌ನಲ್ಲಿ ಶುರು, ಅದು 0 ಇದ್ದದ್ದು +1 ಆಯ್ತು. ಮಧ್ಯದಲ್ಲಿ ಕಾರ್ಬನ್, ಒಂದು ಬಾಂಡ್ ಬಂತು ಒಂದು ಹೋಯ್ತು, ಹಾಗೇ ಇದೆ. ಕೊನೇಲಿ ಮೇಲಿನ OH ನ ಆಕ್ಸಿಜನ್, +1 ಇದ್ದದ್ದು 0 ಆಯ್ತು. ಅಂದ್ರೆ ಪ್ಲಸ್ ಎಲ್ಲೂ ಹೋಗ್ಲಿಲ್ಲ, ಒಂದು ಆಕ್ಸಿಜನ್‌ನಿಂದ ಇನ್ನೊಂದಕ್ಕೆ ಜಾಗ ಬದಲಾಯಿಸ್ತು. ಈ ಮೆಕ್ಯಾನಿಸಂ ಪೂರ್ತಿ ಹೀಗೇ, ಒಂದೇ ಒಂದು ಪ್ಲಸ್ ಆಕ್ಸಿಜನ್‌ನಿಂದ ಆಕ್ಸಿಜನ್‌ಗೆ ಓಡಾಡ್ತಾ ಹೋಗೋದು. ಬೆರಳಿಟ್ಟು ಅದನ್ನ ಹಿಂಬಾಲಿಸಿ, ಎಲ್ಲಿ ಬೆರಳಿಗೆ ಸಿಗಲ್ವೋ ಅಲ್ಲಿ ಕೆಂಪು ಇಂಕು.

ನೋಟ್‌ಬುಕ್_ಮೇಡಂ
ಸರ್, ಆ ಬೆರಳಿಟ್ಟು ಹಿಂಬಾಲಿಸೋದು ಈಗಲೇ ಮಾಡ್ದೆ. ಇವಳ ಪೇಪರಲ್ಲಿ ಪ್ಲಸ್ ಮೊದಲ ಬಾಣದ ಬಾಲದ ಕೆಳಗೇ ಮುಗಿದೋಯ್ತು.

ಪ್ರೋಟಾನ್_ಪ್ರಿಯ
ಇದಕ್ಕೆಲ್ಲಾ ಸರಪಳಿ ಯಾಕೆ ಸರ್, ಬಾಂಡ್ ಎಣಿಸಿದ್ರೆ ಸಾಕು. ಆಕ್ಸಿಜನ್‌ಗೆ ಮೂರು ಬಾಂಡ್ ಇದ್ರೆ ಪ್ಲಸ್, ಒಂದೇ ಇದ್ರೆ ಮೈನಸ್. ನೈಟ್ರೋಜನ್‌ಗೆ ನಾಲ್ಕಿದ್ರೆ ಪ್ಲಸ್. ಕಾರ್ಬನ್‌ಗೆ ಮೂರಿದ್ರೆ ಪ್ಲಸ್. ಇಷ್ಟು ಬಾಯಿಪಾಠ ಇದ್ರೆ ಪೇಪರ್ ಮೇಲೆ ಕಣ್ಣಾಡಿಸಿದ ಕೂಡ್ಲೇ ಗೊತ್ತಾಗುತ್ತೆ.

ಹಳೇ_ಲ್ಯಾಬ್
ಆಕ್ಸಿಜನ್ ನೈಟ್ರೋಜನ್‌ಗೆ ನಡೆಯುತ್ತೆ, ನಾನೂ ಹಾಗೇ ಕಣ್ಣಾಡಿಸ್ತೀನಿ. ಕಾರ್ಬನ್‌ಗೆ ನಡೆಯಲ್ಲಪ್ಪಾ. ಮೂರು ಬಾಂಡ್ ಇರೋ ಕಾರ್ಬನ್ ಮೇಲೆ ಲೋನ್ ಪೇರ್ ಇದ್ರೆ ಅದು ಮೈನಸ್, ಒಂದೇ ಎಲೆಕ್ಟ್ರಾನ್ ಇದ್ರೆ ಚಾರ್ಜೇ ಇಲ್ಲ, ಏನೂ ಇಲ್ದಿದ್ರೆ ಮಾತ್ರ ಪ್ಲಸ್. ಕೈಬರಹದಲ್ಲಿ ಎರಡು ಚುಕ್ಕಿ ಮಾಸಿ ಹೋಗಿದ್ರೆ ನಿನ್ನ ಲೆಕ್ಕ ಕಾರ್ಬ್‌ಆನಯಾನ್‌ನ ಕಾರ್ಬೋಕ್ಯಾಟಯಾನ್ ಮಾಡ್ಬಿಡುತ್ತೆ. ಅಲ್ಲಿ ಬಾಣನೇ ಕೇಳ್ಬೇಕು, ಎಲೆಕ್ಟ್ರಾನ್ ಆ ಕಾರ್ಬನ್ ಬಿಟ್ಟು ಹೋಯ್ತಾ, ಅದರ ಮೇಲೆ ಬಂದು ಕೂತ್ಕೊಂಡ್ತಾ ಅಂತ.

ಪ್ರೋಟಾನ್_ಪ್ರಿಯ
ಹೌದು ಸರ್, ಅದು ಯೋಚ್ನೆ ಮಾಡಿರ್ಲಿಲ್ಲ.

ಶ್ವೇತಾ_ನೋಟ್ಸ್
ಒಂದು ನಿಮಿಷ, C₂H₅O⁻ ಹೊರಗೆ ಹೋಗೋದು ತಪ್ಪು ಅಂತ ಯಾಕೆ ಹೇಳ್ತಿದ್ದೀರಾ? ನನ್ನ ನೋಟ್ಸ್‌ನಲ್ಲಿ ಎಸ್ಟರ್ ಹೈಡ್ರಾಲಿಸಿಸ್ ಅಂದ್ರೆ ಹಾಗೇ ಇದೆ. OH⁻ ಬಂದು ಕಾರ್ಬನ್‌ಗೆ ಸೇರುತ್ತೆ, O⁻ ಆಗುತ್ತೆ, ಅದು ಕೆಳಗಿಳಿದು C₂H₅O⁻ ನ ಆಚೆ ತಳ್ಳುತ್ತೆ. ನಮ್ಮ ಸರ್ ಪೂರ್ತಿ ಮಾರ್ಕ್ಸ್ ಕೊಟ್ಟಿದ್ರು.

ಬೆಂಜೀನ್_ಹುಡುಗ
ಅದು ಬೇಸ್ ಹಾಕಿದ್ದು. ಇಲ್ಲಿ ಆಸಿಡ್.

ಹಳೇ_ಲ್ಯಾಬ್
ಶ್ವೇತಾ ಅವರ ನೋಟ್ಸ್ ಸರಿ ಇದೆ, ಆ ರಿಯಾಕ್ಷನ್‌ಗೆ. ಅಲ್ಲಿ ಮೊತ್ತ ಮೊದಲಿಂದ ಕೊನೆವರೆಗೂ −1. ಈ ಪೇಪರಿನ ತಪ್ಪು ನನಗೆ ಅನ್ಸೋದೇ ಇದು, ಹುಡುಗಿ ಶುರು ಮಾಡಿದ್ದು ಆಸಿಡ್ ಮೆಕ್ಯಾನಿಸಂ, ಅರ್ಧ ದಾರೀಲಿ ಬೇಸ್ ಮೆಕ್ಯಾನಿಸಂಗೆ ಹೊರಳಿಕೊಂಡಿದ್ದಾಳೆ.

ಆಸಿಡ್ ದ್ರಾವಣದಲ್ಲಿ C₂H₅O⁻ ಬಿಡುಬೀಸಾಗಿ ಓಡಾಡೋಕೆ ಆಗಲ್ಲ. ಎಥನಾಲ್‌ನ pKa ಸುಮಾರು 16. ಅಷ್ಟು ಬಲವಾದ ಬೇಸ್ ಸುತ್ತಲೂ H₃O⁺ ಇರೋ ಕಡೆ ಹುಟ್ಟೋದಕ್ಕಿಂತ ಮುಂಚೆ ಪ್ರೋಟಾನ್ ತಗೊಂಡೇ ಹೊರಡುತ್ತೆ. ಆದ್ದರಿಂದ ಆಸಿಡ್‌ನಲ್ಲಿ ಮೊದಲು OC₂H₅ ನ ಆಕ್ಸಿಜನ್‌ಗೆ ಪ್ರೋಟಾನ್ ಸೇರ್ಬೇಕು, ಅದು ಪ್ಲಸ್ ಆಗ್ಬೇಕು, ಆಮೇಲೆ ಪಕ್ಕದ OH ನ ಲೋನ್ ಪೇರ್ ಕೆಳಗಿಳಿದು ಅದನ್ನ ಎಥನಾಲ್ ಆಗಿ, ಅಂದ್ರೆ ಚಾರ್ಜ್ ಇಲ್ದೆ, ಕಳಿಸ್ಬೇಕು. ಬೇಸ್‌ನಲ್ಲಿ ಅದೇ C₂H₅O⁻ ಬಂದ ಕೂಡ್ಲೇ ಅಸಿಟಿಕ್ ಆಸಿಡ್‌ನ ಪ್ರೋಟಾನ್ ಕಿತ್ಕೊಳ್ಳುತ್ತೆ, ಅದರ pKa 4.76, ಹಾಗಾಗಿ ಹಿಂದಕ್ಕೆ ಬರೋ ಮಾತೇ ಇಲ್ಲ.

ತಿದ್ದೋರಿಗೆ ಇದು ಮೂರನೇ ಸುತ್ತು: ಆಸಿಡ್ ಅಂತ ಪ್ರಶ್ನೆ ಇದ್ರೆ ಹಾಳೆ ಮೇಲೆ ಎಲ್ಲಾದ್ರೂ OH⁻ ಅಥವಾ C₂H₅O⁻ ಇದೆಯಾ, ಬೇಸ್ ಅಂತಿದ್ರೆ ಎಲ್ಲಾದ್ರೂ H₃O⁺ ಅಥವಾ OH₂⁺ ಇದೆಯಾ. ಇದ್ರೆ ಆ ಸಾಲಿಗೆ ಸುತ್ತು ಹಾಕಿ.

ಶ್ವೇತಾ_ನೋಟ್ಸ್
ಓ ಪ್ರಶ್ನೇಲಿ ಆಸಿಡ್ ಅಂತಿದ್ದದ್ದು ನೋಡ್ಲೇ ಇಲ್ಲ. ಸರಿ ಸರ್.

ಗಿರಿಜಾ_ಆರ್
ನನ್ನದೊಂದು ಹೇಳ್ತೀನಿ, ಸ್ವಲ್ಪ ಬೇರೆ ವಿಷಯ ಆದ್ರೂ ಚಾರ್ಜ್ ಬಿಟ್ಟಿದ್ದೇ. ನಾನು ಓದ್ವಾಗ ನೈಟ್ರೋ ಗುಂಪನ್ನ ಯಾವಾಗ್ಲೂ N ಗೆ ಎರಡು O ಗಳನ್ನ ಡಬಲ್ ಬಾಂಡ್ ಹಾಕಿ ಬರೀತಿದ್ದೆ, ಚಾರ್ಜ್ ಬರೆಯೋ ತಲೆನೋವೇ ಇಲ್ವಲ್ಲಾ ಅಂತ. ಬೆಂಜೀನ್ ನೈಟ್ರೇಷನ್ ಬರೆದ್ರೂ ಯಾರೂ ಏನೂ ಅಂದಿರ್ಲಿಲ್ಲ. ಒಂದು ಸಲ ಒಬ್ರು ಮೇಡಂ ಆ N ಪಕ್ಕ ಐದು ಗೀಟು ಎಳೆದು "ಇಲ್ಲಿ ಎಷ್ಟು ಎಲೆಕ್ಟ್ರಾನ್ ಆಯ್ತು" ಅಂತ ಮಾತ್ರ ಬರೆದು ವಾಪಸ್ ಕೊಟ್ರು. ಎಣಿಸಿದ್ರೆ ಹತ್ತು. ಎಂಟೇ ಹಿಡಿಸೋ ಜಾಗದಲ್ಲಿ ಹತ್ತು ಇಟ್ಟಿದ್ದೆ. ಅಲ್ಲಿಂದ ಈಚೆ N⁺ ಮತ್ತೆ ಒಂದು O⁻ ಬರೀದೆ ಬಿಟ್ಟೇ ಇಲ್ಲ. ಇಷ್ಟು ಮಾರ್ಕ್ಸ್ ಕಳೆದೆ ಅಂತ ಬರೆದಿದ್ರೆ ನನಗೆ ಅರ್ಥ ಆಗ್ತಿರ್ಲಿಲ್ಲ.

ನೋಟ್‌ಬುಕ್_ಮೇಡಂ
ಗಿರಿಜಕ್ಕ, ಇದು ಚೆನ್ನಾಗಿದೆ. ಇವಳ ಎರಡನೇ ಸಾಲಿಗೂ ಅದನ್ನೇ ಬರೀಬಹುದು ಅಲ್ವಾ? C=O ಮೇಲಕ್ಕೆ ಹೋಗೋ ಬಾಣ ಇಲ್ದೆ ನೀರು ಬಂದು ಸೇರಿದ್ರೆ ಕಾರ್ಬನ್‌ಗೆ ಐದು ಬಾಂಡ್.

ಗಿರಿಜಾ_ಆರ್
ಅದೇ ಅದೇ. ಅವಳು ಮುಂದಿನ ಚಿತ್ರ ಸರಿ ಬರೆದಿದ್ದಾಳೆ ಅಂದ್ರೆ ಬಾಣ ನೋಡಿ ಬರೆದದ್ದಲ್ಲ, ಚಿತ್ರ ನೆನಪಿಟ್ಕೊಂಡು ಬರೆದು ಆಮೇಲೆ ಮಧ್ಯ ಬಾಣ ತುಂಬಿದ್ದಾಳೆ.

ಮೂರನೇ_ಬೆಂಚು
ನಾವೆಲ್ಲಾ ಹಾಗೇ ಬರೆಯೋದು 🙂 ಮೊದಲು ಚಿತ್ರ ಆಮೇಲೆ ಬಾಣ

ಹಳೇ_ಲ್ಯಾಬ್
ಅದಕ್ಕೇ ನಾನು ಕೆಲವು ಸಲ ಮುಂದಿನ ಚಿತ್ರಾನ ಕೈಯಲ್ಲಿ ಮುಚ್ಚಿ ಅವರ ಬಾಣ ಏನು ಹೇಳುತ್ತೋ ಅದನ್ನ ಮಾತ್ರ ಪಕ್ಕದಲ್ಲಿ ಬರೆದು ನೋಡ್ತೀನಿ. ಇವಳ ಮೊದಲ್ನೇ ಬಾಣಾನ ಹಾಗೆ ನಡೆಸಿ ನೋಡಿ. ಬಾಣದ ಅರ್ಥ ಎರಡು ಎಲೆಕ್ಟ್ರಾನ್ ಇಲ್ಲಿಂದ ಅಲ್ಲಿಗೆ. H⁺ ಹತ್ರ ಒಂದು ಎಲೆಕ್ಟ್ರಾನೂ ಇಲ್ಲ, ಕೊಡೋದೇನು? ಬಾಣದ ಬಾಲ ಲೋನ್ ಪೇರ್ ಮೇಲೋ ಬಾಂಡ್ ಮೇಲೋ ಇರ್ಬೇಕು. ಮಕ್ಳು ಪ್ರೋಟಾನ್ ನಡೆದುಕೊಂಡು ಹೋಗಿ ಆಕ್ಸಿಜನ್‌ಗೆ ಅಂಟ್ಕೊಳ್ಳುತ್ತೆ ಅಂತ ಅಂದ್ಕೊಂಡು ಆ ನಡಿಗೆಗೆ ಬಾಣ ಹಾಕ್ತಾರೆ. ಆಟಮ್ ಚಲನೆಗೆ ಈ ಬಾಣ ಅಲ್ಲ.

ಸುಮಾ_ಎಂ
ಸರ್ ಬಾಲ ಬಾಂಡ್ ಮೇಲಿದ್ರೆ ನಿಮ್ಮ ಸರಪಳಿ ಲೆಕ್ಕ ಹೇಗೆ? ಬಾಂಡ್‌ಗೆ ಎರಡು ಕಡೆ ಆಟಮ್ ಇರುತ್ತಲ್ಲಾ, ಯಾವುದು ಏರುತ್ತೆ?

ಹಳೇ_ಲ್ಯಾಬ್
ಒಳ್ಳೇ ಪ್ರಶ್ನೆ, ನಾನು ಅದನ್ನ ಬಿಟ್ಟಿದ್ದೆ. ಆ ಬಾಂಡ್‌ನ ಎಲೆಕ್ಟ್ರಾನ್ ಯಾವ ಆಟಮ್‌ನ ಕೈಬಿಟ್ಟು ಹೋಯ್ತೋ ಅದು ಏರುತ್ತೆ. ಆಲ್ಕೀನ್‌ಗೆ ಪ್ರೋಟಾನ್ ಸೇರಿಸ್ವಾಗ H ಒಂದು ಕಾರ್ಬನ್‌ಗೆ ಸೇರುತ್ತಲ್ಲ, ಪ್ಲಸ್ ಬರೋದು ಇನ್ನೊಂದು ಕಾರ್ಬನ್‌ಗೆ. ಮಕ್ಳು ತಿರುಗಾಮುರುಗಾ ಮಾಡೋದು ಅಲ್ಲೇ ಜಾಸ್ತಿ, H ಸೇರಿದ ಕಾರ್ಬನ್ ಮೇಲೇ ಪ್ಲಸ್ ಬರೆದಿರ್ತಾರೆ. ಮೊತ್ತ ಕೂಡಿದ್ರೆ ಸರಿ ಬರುತ್ತೆ, ಆದ್ದರಿಂದ ಮೊತ್ತದ ಲೆಕ್ಕ ಇದನ್ನ ಹಿಡಿಯಲ್ಲ. ನಾಲ್ಕು ಬಾಂಡ್ ಇರೋ ಕಾರ್ಬನ್ ಮೇಲೆ ಪ್ಲಸ್ ಕಂಡ್ರೆ ನಿಂತು ನೋಡಿ.

ಬೆಂಜೀನ್_ಹುಡುಗ
ನನ್ನದೊಂದು ಡೌಟು. ಇಷ್ಟೆಲ್ಲಾ ಮಧ್ಯದ ಸ್ಟೆಪ್ ಬರೆಸೋದು ಬೇಕಾ? ನೀರು ಒಳಗೆ ಬಂತು, ಎಥನಾಲ್ ಹೊರಗೆ ಹೋಯ್ತು ಅಂತ ಒಂದೇ ಸಾಲಲ್ಲಿ ಎರಡು ಬಾಣ ಹಾಕಿದ್ರೆ ಪ್ಲಸ್ ಕಳೆದುಹೋಗೋ ಗೊಡವೆನೇ ಇಲ್ಲ. ಟೆಟ್ರಾಹೆಡ್ರಲ್ ನಿಜವಾಗ್ಲೂ ಇದೆ ಅಂತ ಯಾರು ನೋಡಿದ್ದಾರೆ?

ಹಳೇ_ಲ್ಯಾಬ್
ನೋಡಿದ ಹಾಗೇನೇ ಒಂದು ಪ್ರಯೋಗ ಇದೆ. 1951ರಲ್ಲಿ ಬೆಂಡರ್ ಅನ್ನೋರು ಬೆಂಜೋಯಿಕ್ ಆಸಿಡ್‌ನ ಎಸ್ಟರ್‌ಗಳ C=O ನಲ್ಲಿ ಮಾಮೂಲಿ ಆಕ್ಸಿಜನ್ ಬದಲು ಭಾರದ ಆಕ್ಸಿಜನ್, ಅಂದ್ರೆ ¹⁸O ಇಟ್ರು. ಮಾಮೂಲಿ ನೀರಲ್ಲಿ ಹೈಡ್ರಾಲಿಸಿಸ್ ಶುರು ಮಾಡಿ, ಪೂರ್ತಿ ಆಗೋಕೆ ಮುಂಚೆ ನಿಲ್ಲಿಸಿ, ಇನ್ನೂ ಒಡೆಯದೆ ಉಳಿದಿದ್ದ ಎಸ್ಟರ್‌ನ ತೆಗೆದು ನೋಡಿದ್ರು. ಉಳಿದ ಎಸ್ಟರ್‌ನಲ್ಲೇ ¹⁸O ಕಮ್ಮಿ ಆಗಿತ್ತು. ಎಸ್ಟರ್ ಒಡೆದೇ ಇಲ್ಲ, ಆದ್ರೂ ಅದರ ಆಕ್ಸಿಜನ್ ನೀರಿಗೆ ಹೋಗಿದೆ. ಒಂದೇ ಏಟಿಗೆ ನೀರು ಒಳಗೆ ಎಥನಾಲ್ ಹೊರಗೆ ಅಂದ್ರೆ ಇದು ಹೇಗೆ ಸಾಧ್ಯ? ನೀರು ಬಂದು ಸೇರಿ, ಎರಡು OH ಗಳ ಮಧ್ಯೆ ಪ್ರೋಟಾನ್ ಅದಲುಬದಲಾಗಿ, ಹಳೇ ಆಕ್ಸಿಜನ್ನೇ ನೀರಾಗಿ ಹೊರಗೆ ಹೋಗೋವಷ್ಟು ಹೊತ್ತು ಆ ಟೆಟ್ರಾಹೆಡ್ರಲ್ ಬದುಕಿರ್ಬೇಕು.

ಅದಕ್ಕೇ ಆ ಮೂರನೇ ಸಾಲಿನ ಪ್ರೋಟಾನ್ ಕೊಡು-ತಗೊಳ್ಳೋದನ್ನ ನಾನು ಬಿಡಿಸೋದು. ನೀರು OH₂⁺ ಇಂದ ಒಂದು H ತಗೊಳ್ಳುತ್ತೆ, O–H ಬಾಂಡ್‌ನ ಎಲೆಕ್ಟ್ರಾನ್ ಆಕ್ಸಿಜನ್‌ಗೆ ವಾಪಸ್, ಪ್ಲಸ್ H₃O⁺ ಮೇಲೆ ಹೋಯ್ತು. ಆಮೇಲೆ OC₂H₅ ನ ಆಕ್ಸಿಜನ್ ತನ್ನ ಲೋನ್ ಪೇರ್ ಕೊಟ್ಟು H₃O⁺ ಇಂದ ಒಂದು H ತಗೊಳ್ಳುತ್ತೆ, ಪ್ಲಸ್ ಇಲ್ಲಿಗೆ ಬಂತು. ಎರಡು ಸಾಲು ಅಷ್ಟೇ.

ಪ್ರೋಟಾನ್_ಪ್ರಿಯ
ಅದನ್ನ ಒಂದೇ ಬಾಣದಲ್ಲಿ OH₂⁺ ಇಂದ ಪಕ್ಕದ OC₂H₅ ಗೆ ನೇರವಾಗಿ H ದಾಟಿಸಿ ಬರೆದ್ರೆ? ನಾನು ಹಾಗೇ ಬರೀತೀನಿ.

ಹಳೇ_ಲ್ಯಾಬ್
ನಾಲ್ಕು ಆಟಮ್‌ನ ಇಕ್ಕಟ್ಟಾದ ಉಂಗುರದ ಮೂಲಕ ದಾಟ್ಬೇಕು, ಸುತ್ತಲೂ ನೀರೇ ತುಂಬಿರೋವಾಗ ಆ ದಾರಿ ಯಾಕೆ ಹಿಡಿಯುತ್ತೆ? ನಾನು ಅರ್ಧ ಮಾರ್ಕ್ ಕಳೀತೀನಿ.

ಗಿರಿಜಾ_ಆರ್
ನಾನು ಕಳೆಯಲ್ಲ. ಬಾಣದ ಮೇಲೆ "ಪ್ರೋಟಾನ್ ಟ್ರಾನ್ಸ್‌ಫರ್" ಅಂತ ಬರೆದು ಎರಡೂ ಕಡೆ ಪ್ಲಸ್ ಸರಿ ಇಟ್ಟಿದ್ರೆ ಅಷ್ಟು ಸಾಕು ನನಗೆ. ಎಷ್ಟೋ ಪುಸ್ತಕಗಳೇ ಹಾಗೆ ಬಿಟ್ಟಿರ್ತಾವೆ.

ಹಳೇ_ಲ್ಯಾಬ್
ಹಾಗೆ ಬರೆದು ಬಿಟ್ರೆ ನನಗೂ ತಕರಾರಿಲ್ಲ ಗಿರಿಜಾ ಅವರೇ, ಬಾಣ ಹಾಕಿ ತಪ್ಪು ದಾರಿ ತೋರಿಸಿದ್ರೆ ತಕರಾರು.

ಕಾರ್ತಿಕ್_ಆರ್ಗಾನಿಕ್
ತಡವಾಗಿ ಬಂದೆ. ಒಬ್ಬ ಹುಡುಗನ ಪೇಪರ್ ನೆನಪಾಯ್ತು, ಇನ್ನೂ ಮನಸ್ಸಲ್ಲಿ ಕೊರೀತಾ ಇದೆ. ಎಸ್ಟರ್ ಹೈಡ್ರಾಲಿಸಿಸ್‌ನಲ್ಲಿ ನೀರು C=O ಕಾರ್ಬನ್‌ಗೆ ಹೊಡೀದೆ, ಆಚೆ ಕಡೆಯ C–O ಬಾಂಡ್ ತಾನೇ ಮುರಿದು ಕಾರ್ಬೋಕ್ಯಾಟಯಾನ್ ಬರೋ ಹಾಗೆ ಬರೆದಿದ್ದ. ನಾನು ಸೊನ್ನೆ ಕೊಟ್ಟೆ. ಆಮೇಲೆ ಪ್ರಶ್ನೆ ಇನ್ನೊಂದು ಸಲ ಓದಿದ್ರೆ ಅದು ಟರ್ಷರಿ ಬ್ಯುಟೈಲ್ ಎಸ್ಟರ್. ಅದಕ್ಕೆ ಆಸಿಡ್‌ನಲ್ಲಿ ಅವನು ಬರೆದ ದಾರಿನೇ ಸರಿ, ಅಷ್ಟು ಗಟ್ಟಿಯಾದ ಕ್ಯಾಟಯಾನ್ ಸಿಗ್ವಾಗ ಆ ಬಾಂಡ್ ಮುರಿಯೋದೇ ಸುಲಭ. ಓಡಿ ಹೋಗಿ ತಿದ್ದಿದೆ. ಚಾರ್ಜ್ ಕೂಡಿ ನೋಡಿದ್ರೆ ಅವನ ಪ್ರತಿ ಸಾಲೂ +1 ಇತ್ತು, ಬಾಣ ಎಲ್ಲಾ ಲೋನ್ ಪೇರ್ ಅಥವಾ ಬಾಂಡ್‌ನಿಂದ್ಲೇ ಹೊರಟಿತ್ತು. ಮೊದಲೇ ಹಾಗೆ ನೋಡಿದ್ರೆ ಸೊನ್ನೆ ಹಾಕೋ ಮುಂಚೆ ಕೈ ತಡೀತಿತ್ತು.

ಬೆಂಜೀನ್_ಹುಡುಗ
ಹಂಗಾದ್ರೆ ಐಸೋಪ್ರೊಪೈಲ್‌ಗೆ? ಅದೂ ಸೆಕೆಂಡರಿ ಕ್ಯಾಟಯಾನ್ ಕೊಡುತ್ತಲ್ಲಾ

ಕಾರ್ತಿಕ್_ಆರ್ಗಾನಿಕ್
ಮಾಮೂಲಿ ನೀರು ಆಸಿಡ್‌ನಲ್ಲಿ ಮಾಮೂಲಿ ದಾರಿನೇ ಹಿಡಿಯುತ್ತೆ ಅಂತ ಬರೀತೀನಿ ನಾನು.

ಮೂರನೇ_ಬೆಂಚು
ಎಲ್ಲಾ ಸರಿ, ಮಾರ್ಕ್ಸ್ ಎಷ್ಟು ಅಂತ ಇನ್ನೂ ತೀರ್ಮಾನ ಆಗ್ಲಿಲ್ಲ. ಮೊದಲ ಸಾಲಲ್ಲಿ ಪ್ಲಸ್ ಬಿಟ್ರೆ ಮುಂದಿನ ಎಲ್ಲಾ ಸಾಲಲ್ಲೂ ಇರಲ್ಲ, ಒಂದೇ ತಪ್ಪಿಗೆ ನಾಲ್ಕು ಸಲ ಕಳೀತೀರಾ?

ಗಿರಿಜಾ_ಆರ್
ಒಂದೇ ಸಲ. ಬಿಟ್ಟೋದ ಪ್ಲಸ್‌ಗೆ ಒಂದು, ತಿರುಗಿಸಿದ ಬಾಣಕ್ಕೆ ಒಂದು, C₂H₅O⁻ ಗೆ ಒಂದು. 2 ಸಿಗುತ್ತೆ.

ಹಳೇ_ಲ್ಯಾಬ್
ನಾನಾದ್ರೆ ಬಿಟ್ಟೋದ C=O ಬಾಣಕ್ಕೂ ಅರ್ಧ ಕಳೀತೀನಿ, 1.5.

ಸುಮಾ_ಎಂ
C₂H₅O⁻ ಬಂದದ್ದು ಪ್ಲಸ್ ಬಿಟ್ಟಿದ್ದರಿಂದ್ಲೇ ಅಲ್ವಾ? ಮಧ್ಯದ ಚಿತ್ರದಲ್ಲಿ ಚಾರ್ಜ್ ಇಲ್ಲ ಅಂದ್ಮೇಲೆ ಅದರಿಂದ ಏನಾದ್ರೂ ಹೊರಗೆ ಹೋದ್ರೆ ಮೈನಸ್ ತಗೊಂಡೇ ಹೋಗ್ಬೇಕು. ಅವಳ ಲೆಕ್ಕಕ್ಕೆ ಅವಳು ಸರಿಯಾಗೇ ಇದ್ದಾಳೆ. ನಾನು ಎರಡನ್ನೂ ಒಂದೇ ತಪ್ಪು ಅಂತೀನಿ, 3.

ಹಳೇ_ಲ್ಯಾಬ್
ಇದು ಒಪ್ಪೋ ಮಾತು ಸುಮಾ ಅವರೇ, ನಾನು ಹಾಗೆ ಯೋಚ್ನೆ ಮಾಡಿರ್ಲಿಲ್ಲ. ಆದ್ರೂ ಆಸಿಡ್‌ನಲ್ಲಿ C₂H₅O⁻ ಕಂಡಾಗ ಅವಳಿಗೇ ಅನುಮಾನ ಬರ್ಬೇಕಿತ್ತು ಅನ್ನೋದು ನನ್ನ ಪಟ್ಟು.

ನೋಟ್‌ಬುಕ್_ಮೇಡಂ
ಎಲ್ರಿಗೂ ಥ್ಯಾಂಕ್ಸ್. ಇವತ್ತು ಆ ಹುಡುಗೀನ ಕರೆದು ಪೇಪರ್ ಮುಂದಿಟ್ಟೆ. ಬೆಳಕಿಗೆ ಹಿಡಿದು ನೋಡಿದ್ರೆ ಮೊದಲ್ನೇ C=OH ಪಕ್ಕ ರಬ್ಬರ್‌ನಲ್ಲಿ ಉಜ್ಜಿದ ಗುರುತು ಇತ್ತು. ಏನಮ್ಮಾ ಇದು ಅಂದೆ. "ಪ್ಲಸ್ ಬರೆದಿದ್ದೆ ಮೇಡಂ, ಕೊನೇ ಪ್ರಾಡಕ್ಟ್‌ಗೆ ಚಾರ್ಜ್ ಇಲ್ವಲ್ಲಾ, ಎಲ್ಲೋ ತಪ್ಪಾಗಿದೆ ಅಂತ ಅಳಿಸಿದೆ" ಅಂದ್ಲು. ಕೊನೇ ಸಾಲಲ್ಲಿ ನೀರು ಬಂದು ಆ ಪ್ರೋಟಾನ್ ತಗೊಂಡು H₃O⁺ ಆಗೋದನ್ನ ಬರೀದೆ ಇದ್ದಿದ್ದಕ್ಕೆ ಪ್ಲಸ್ ಎಲ್ಲಿ ಹೋಗುತ್ತೆ ಅಂತ ಅವಳಿಗೆ ಗೊತ್ತಾಗ್ಲಿಲ್ಲ. ಬರೀ H⁺ ಇಂದ ಶುರು ಮಾಡ್ದೆ H₃O⁺ ಇಂದ ಶುರು ಮಾಡು ಅಂತ ಹೇಳಿ ಮತ್ತೆ ಬರೆಸಿದೆ. ಬೆರಳಿಟ್ಟು ಪ್ಲಸ್ ಹಿಂಬಾಲಿಸ್ತಾ ಎಲ್ಲಾ ಸಾಲೂ ಅವಳೇ ಬರೆದ್ಲು, OC₂H₅ ಗೆ ಪ್ರೋಟಾನ್ ಹಾಕೋ ಹತ್ರ ಮಾತ್ರ ಸ್ವಲ್ಪ ಹೊತ್ತು ನಿಂತ್ಲು. ಮಾರ್ಕ್ಸ್ 2.5 ಕೊಟ್ಟೆ.

ಪ್ರೋಟಾನ್_ಪ್ರಿಯ
ಬರೀ H⁺ ಬರೆದ್ರೂ ತಪ್ಪಲ್ಲ ಅಲ್ವಾ ಮೇಡಂ? ನಮಗೆಲ್ಲಾ ಹಾಗೇ ಹೇಳ್ಕೊಟ್ಟಿದ್ದು.

ಹಳೇ_ಲ್ಯಾಬ್
ಚಾರ್ಜ್ ಲೆಕ್ಕ ಅದರಲ್ಲೂ ಕೂಡುತ್ತೆ, ಆಕ್ಸಿಜನ್‌ನಿಂದ H⁺ ಗೆ ಬಾಣ ಇದ್ರೆ ನಾನು ಕಳೆಯಲ್ಲ. ಆದ್ರೆ H₃O⁺ ಬರೆದ್ರೆ O–H ಬಾಂಡ್ ಮುರಿಯೋ ಎರಡನೇ ಬಾಣನೂ ಹಾಕ್ಬೇಕು, ಅದನ್ನ ಮರೆತವರ ಪೇಪರ್ ನನ್ನ ಮುಂದೆ ಇನ್ನೂ ಹನ್ನೆರಡು ಇದೆ.